ಊಟದ ಮೇಲಿನ ಚಹಾ

ಮಲಪ್ರಭೆಯ ಸೀಮೆಗೆ ಸೇರಿದ ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗಗಳಲ್ಲಿ ಯಾವ ಮನೆಗೆ ಅತಿಥಿಯಾಗಿ ಹೋದರೂ, ಎರಡು ಬಿಳಿಜೋಳದ ರೊಟ್ಟಿ, ಪುಂಡಿಪಲ್ಲೆ, ಹೆಸರುಕಾಳಿನ ಉಸುಳಿ, ಶೇಂಗಾ ಹಿಂಡಿಗಳನ್ನು ಮುಗಿಸಿ ಕೈತೊಳೆದು ಬರುವಷ್ಟರಲ್ಲಿಯೇ ಒಳಗಿನಿಂದ ಕಪ್ಪು-ಬಸಿಗಳ ಸಪ್ಪಳ ಕೇಳಿಸದಿರುವುದು ಅಪರೂಪ. ಆ ಚಹಾದ ರುಚಿಯ ವಿಷಯದಲ್ಲಿ ಈ ಅಂಕಣಕಾರನಿಗೆ ಯಾವ ತಕರಾರೂ ಇಲ್ಲ. ಪುಡಿಯನ್ನು ಸಕ್ಕರೆಯೊಡನೆ ಚೆನ್ನಾಗಿ ಕುದಿಸಿ, ಎಮ್ಮೆಯ ಹಾಲು ಬೆರೆಸಿ ಇಳಿಸಿದ ಕಡುಗೆಂಪು ಚಹಾದ ಒಗರು ನಾಲಗೆಯ ಅಂಚನ್ನು ಹಿಡಿದು ನಿಲ್ಲುವ ಬಗೆಯನ್ನು ನಾನು ಬಲ್ಲೆನು. ನನ್ನ ತಕರಾರು ಅದನ್ನು ಕೊಡುವ ಹೊತ್ತಿನ ಮೇಲೆ ಮಾತ್ರ.

ಏಕೆಂದರೆ, ನಾವು ಮೆಚ್ಚುವ ಆ ಒಗರೇ ಟ್ಯಾನಿನ್ನು. ಟ್ಯಾನಿನ್ನಿಗೂ ಕಬ್ಬಿಣಕ್ಕೂ ಇರುವ ಸಂಬಂಧವು ಬಹು ಪುರಾತನವಾದುದು. ಅಳಲೆಕಾಯಿಯ ಕಷಾಯಕ್ಕೆ ಅನ್ನಭೇದಿಯನ್ನು ಬೆರೆಸಿ ನಮ್ಮ ಹಿರಿಯರು ಲೆಕ್ಕದ ವಹಿಗಳಿಗೆ ಮಸಿ ಮಾಡಿಕೊಳ್ಳುತ್ತಿದ್ದರಲ್ಲವೆ? ಅಳಲೆಯಲ್ಲಿದ್ದುದು ಟ್ಯಾನಿನ್ನು, ಅನ್ನಭೇದಿ ಎಂಬುದು ಕಬ್ಬಿಣದ ಸಲ್ಫೇಟು. ಇವೆರಡೂ ಕೂಡಿದರೆ ಕರಗದ ಕಪ್ಪು. ಗರ್ಭಿಣಿಯರಿಗೆ ಸರಕಾರದ ಆಸ್ಪತ್ರೆಯಲ್ಲಿ ಕೊಡುವ ಕೆಂಪು ಮಾತ್ರೆಯೊಳಗೆ ಇರುವುದೂ ಅದೇ ಲವಣ. ಅಂಥ ಮಾತ್ರೆಯೊಂದನ್ನು ಒಡೆದು, ಅದರ ಚೂರನ್ನು ಹಾಲಿಲ್ಲದ ಚಹಾದಲ್ಲಿ ಹಾಕಿ ಕಲಕಿದರೆ, ನೋಡನೋಡುತ್ತಿದ್ದಂತೆ ಆ ಕೆಂಪು ಪಾನೀಯವು ಮಸಿಯ ಬಣ್ಣಕ್ಕೆ ತಿರುಗುತ್ತದೆ. ಊಟದ ಬೆನ್ನಿಗೇ ಚಹಾ ಕುಡಿದವರ ಕರುಳಿನಲ್ಲಿ ನಡೆಯುವುದೂ ಇದೇ ವ್ಯಾಪಾರ. ಕಾಳು, ಧಾನ್ಯ, ಸೊಪ್ಪುಗಳಿಂದ ಬರುವ ಕಬ್ಬಿಣವು ಕರುಳಿನ ಗೋಡೆಯನ್ನು ದಾಟಬೇಕಾದರೆ ಮೊದಲು ನೀರಿನಲ್ಲಿ ಕರಗಿರಬೇಕು. ಟ್ಯಾನಿನ್ನಿನೊಡನೆ ಬಂಧಿತವಾದ ಕಬ್ಬಿಣವು ಕರಗದೆ, ಸಣ್ಣ ಕರುಳಿನ ಮೊದಲ ಗೇಣಿನಲ್ಲಿ ತನಗಾಗಿ ತೆರೆದಿರುವ ಬಾಗಿಲನ್ನು ಹಾದು ಮುಂದೆ ಸಾಗಿ, ಮಲದೊಡನೆ ಹೊರಬೀಳುತ್ತದೆ. ಮಾಂಸದ ರಕ್ತವರ್ಣದೊಳಗೆ ಹುದುಗಿರುವ ಕಬ್ಬಿಣಕ್ಕೆ ಬೇರೆಯೇ ದಾರಿಯಿರುವುದರಿಂದ ಈ ಬಾಧೆ ಅದಕ್ಕೆ ಅಷ್ಟಾಗಿ ತಟ್ಟದು.

ಹೀಗೆಂದರೆ ನಮ್ಮ ಕಡೆಯ ಹಿರಿಯ ಗೃಹಿಣಿಯರು ಸೆರಗನ್ನು ಸರಿಪಡಿಸಿಕೊಂಡು, “ನಾವು ಹಾಲ್ ಹಾಕೀವಲ್ರೀ, ಅದಕೇನ್ ಆಗ್ತದ?” ಎಂದು ಕೇಳುವುದುಂಟು. ಪ್ರಶ್ನೆ ತರ್ಕಬದ್ಧವಾದುದೇ, ಹಾಲಿನ ಪ್ರೋಟೀನು ಟ್ಯಾನಿನ್ನನ್ನು ಹಿಡಿದುಕೊಳ್ಳುವುದರಿಂದಲೇ ಹಾಲು ಹಾಕಿದ ಚಹಾ ನಾಲಗೆಗೆ ಮೃದುವಾಗುವುದು. ಆದರೆ 1999ರಲ್ಲಿ ರಿಚರ್ಡ್ ಹರೆಲ್ ಮತ್ತು ಸಂಗಡಿಗರು ಬ್ರೆಡ್ಡಿನ ಊಟದೊಡನೆ ಬಗೆಬಗೆಯ ಪಾನೀಯಗಳನ್ನು ಕೊಟ್ಟು ಪರೀಕ್ಷಿಸಿದಾಗ, ಹಾಲು ಬೆರೆತದ್ದರಿಂದ ಚಹಾದ ಈ ಗುಣಕ್ಕೆ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಮೃದುವಾದದ್ದು ನಾಲಗೆಗೆ ಮಾತ್ರ.

ನಮ್ಮ ನಾಡಿನಲ್ಲಿಯೇ, ಬೆಂಗಳೂರಿನ ಸೇಂಟ್ ಜಾನ್ಸ್ ಸಂಶೋಧನ ಸಂಸ್ಥೆಯವರು 2008ರಲ್ಲಿ ಪ್ರಕಟಿಸಿದ ಪ್ರಯೋಗವು ಈ ವಿಚಾರಕ್ಕೆ ಹೆಚ್ಚು ಹತ್ತಿರದ ಸಾಕ್ಷಿ. ರಕ್ತಹೀನತೆಯುಳ್ಳ ತರುಣಿಯರು ಕೆಲವರನ್ನೂ ಆರೋಗ್ಯವಂತರಾದ ತರುಣಿಯರು ಕೆಲವರನ್ನೂ ಆರಿಸಿ, ಗುರುತು ಹಿಡಿಯಬಹುದಾದ ವಿಶೇಷ ಕಬ್ಬಿಣವನ್ನು ಬೆರೆಸಿದ ಅನ್ನದ ಊಟವನ್ನು ಬಡಿಸಿ, ಅದರಲ್ಲಿ ಎಷ್ಟು ಅಂಶ ಹೊಸ ರಕ್ತಕಣಗಳನ್ನು ಸೇರಿತೆಂಬುದನ್ನು ಅನಂತರ ಅವರು ಅಳೆದರು. ಊಟದೊಡನೆ ಒಂದು ಕಪ್ಪು ಚಹಾ ಕುಡಿದಾಗ ಹೀರಿಕೆಯು ಸುಮಾರು ಅರ್ಧಕ್ಕೆ ಇಳಿಯಿತು. ಎರಡು ಕಪ್ಪು ಕುಡಿದಾಗ ಮೂರರಲ್ಲಿ ಎರಡು ಪಾಲು ನಷ್ಟವಾಯಿತು. ಅದೇ ಊಟಕ್ಕೆ ‘ಸಿ’ ಜೀವಸತ್ತ್ವವನ್ನು ಸೇರಿಸಿದಾಗ ಹೀರಿಕೆಯು ಎರಡು ಪಟ್ಟನ್ನೂ ಮೀರಿ ಏರಿತು. ರಕ್ತಹೀನತೆಯುಳ್ಳವರು ಉಳಿದವರಿಗಿಂತ ಸ್ವಾಭಾವಿಕವಾಗಿಯೇ ಹೆಚ್ಚು ಕಬ್ಬಿಣವನ್ನು ಹೀರಿಕೊಂಡರು, ಏಕೆಂದರೆ ಕೊರತೆಯನ್ನರಿತ ಶರೀರವು ಬಾಗಿಲನ್ನು ಅಗಲವಾಗಿ ತೆರೆಯುತ್ತದೆ; ಆದರೆ ಚಹಾದ ತಡೆ ಅವರನ್ನೂ ಬಿಡಲಿಲ್ಲ.

‘ಸಿ’ ಜೀವಸತ್ತ್ವವು ಮಾಡುವ ಉಪಕಾರವನ್ನು ಆ ಮಸಿಯ ಬಟ್ಟಲಿನಲ್ಲಿಯೇ ಅಲ್ಪಮಟ್ಟಿಗೆ ಕಾಣಬಹುದು: ಕಪ್ಪಾದ ಚಹಾಕ್ಕೆ ಲಿಂಬಿಹಣ್ಣನ್ನು ಹಿಂಡಿದರೆ ಬಣ್ಣ ತಿಳಿಯಾಗುತ್ತ ಬರುತ್ತದೆ. ಆದರೆ ಈ ದೃಶ್ಯದಲ್ಲಿ ಹುಳಿಯ ಪಾಲೂ ಇದೆ. ಕರುಳಾದರೋ ಜಠರದಿಂದ ಬಂದ ಹುಳಿಯನ್ನು ಕೂಡಲೇ ತಣಿಸಿಬಿಡುವ ಸ್ಥಳ, ಅಲ್ಲಿ ಬರಿಯ ಹುಳಿಯ ಆಟ ನಡೆಯದು. ‘ಸಿ’ ಜೀವಸತ್ತ್ವದ ವಿಶೇಷವೇನೆಂದರೆ, ಜಠರದಲ್ಲಿರುವಾಗಲೇ ಅದು ಫೆರಿಕ್ ರೂಪದ ಕಬ್ಬಿಣವನ್ನು, ಕರುಳು ಒಪ್ಪುವ ಫೆರಸ್ ರೂಪಕ್ಕೆ ತಂದು, ಅದರ ಕೈಹಿಡಿದು, ಹುಳಿಯಿಲ್ಲದ ಕರುಳಿನಲ್ಲಿಯೂ ಕರಗಿದ ಸ್ಥಿತಿಯಲ್ಲಿಯೇ ಉಳಿಸುತ್ತದೆ. ಆದ್ದರಿಂದಲೇ ಅದು ಅದೇ ಊಟದಲ್ಲಿ ಇರಬೇಕು; ಮುಂಜಾನೆ ತಿಂದ ನೆಲ್ಲಿಕಾಯಿ ರಾತ್ರಿಯ ರೊಟ್ಟಿಗೆ ನೆರವಾಗದು.

ಎಷ್ಟು ಬೇಕು? ರಾಮದುರ್ಗದ ಕಡೆಯ ಎರೆಹೊಲದಲ್ಲಿ ದುಡಿಯುವ ಹೆಂಗಸೊಬ್ಬಳ ಬುತ್ತಿಯನ್ನೇ ಲೆಕ್ಕಕ್ಕೆ ತೆಗೆದುಕೊಳ್ಳೋಣ. 150 ಗ್ರಾಂ ಜೋಳದ ಹಿಟ್ಟಿನ ರೊಟ್ಟಿಗಳಲ್ಲಿ ಸುಮಾರು 6 ಮಿಲಿಗ್ರಾಂ, ಒಂದು ಹಿಡಿ ಹೆಸರುಕಾಳಿನಲ್ಲಿ 2 ಮಿಲಿಗ್ರಾಂ, ಒಟ್ಟು 8 ಮಿಲಿಗ್ರಾಂ ಕಬ್ಬಿಣ. ಧಾನ್ಯದ ಹೊಟ್ಟಿನಲ್ಲಿರುವ ಫೈಟೇಟು ಎಂಬ ಇನ್ನೊಂದು ವಸ್ತುವೂ ಕಬ್ಬಿಣವನ್ನು ಹಿಡಿದಿಡುವುದರಿಂದ, ನೂರಕ್ಕೆ ಐದರಷ್ಟು ಹೀರಿಕೆಯಾಗುವುದೆಂದು ಭಾವಿಸಿದರೆ ರಕ್ತಕ್ಕೆ ಸೇರುವುದು 0.4 ಮಿಲಿಗ್ರಾಂ. ಮೇಲೆ ಚಹಾ ಬಿದ್ದರೆ ಅದು 0.2, ‘ಸಿ’ ಜೀವಸತ್ತ್ವ ಸಾಕಷ್ಟಿದ್ದರೆ 0.8. ಮುಟ್ಟಾಗುವ ವಯಸ್ಸಿನ ಹೆಣ್ಣಿಗೆ ದಿನಕ್ಕೆ ಸುಮಾರು ಒಂದೂವರೆ ಮಿಲಿಗ್ರಾಂ ರಕ್ತಗತವಾಗಬೇಕೆಂಬುದನ್ನು ನೆನೆದರೆ, ಈ ಮೂರು ಸಂಖ್ಯೆಗಳ ನಡುವಣ ಅಂತರ ಸಣ್ಣದಲ್ಲ. ಬೆಂಗಳೂರಿನ ಪ್ರಯೋಗದ ಪ್ರಮಾಣವನ್ನೇ ಹಿಡಿದರೆ ಈ ಬುತ್ತಿಗೆ ಕನಿಷ್ಠ 50 ಮಿಲಿಗ್ರಾಂ ‘ಸಿ’ ಜೀವಸತ್ತ್ವ ಬೇಕು. ಅಂಚಿನಲ್ಲಿಟ್ಟ ಲಿಂಬಿಯ ಹೋಳು ಅದಕ್ಕೆ ಎಟುಕದು; ಒಂದು ಹಣ್ಣಿನ ಪೂರ್ತಿ ರಸದಲ್ಲಿಯೂ ಇಪ್ಪತ್ತರ ಆಸುಪಾಸಿನಲ್ಲಷ್ಟೇ ಇರುತ್ತದೆ. ಪುಂಡಿಯ ಹುಳಿ ಒಲೆಯ ಮೇಲೆ ಉಳಿದರೂ ಅದರ ಜೀವಸತ್ತ್ವವು ಕುದಿಯುವಾಗ ಬಹುಪಾಲು ನಾಶವಾಗುತ್ತದೆ. ಆದರೆ ಒಂದು ನಡುಗಾತ್ರದ ಪೇರಲಹಣ್ಣಿನ ಅರ್ಧದಲ್ಲಿಯೇ ಬೇಕಾದುದಕ್ಕಿಂತ ಹೆಚ್ಚಿದೆ. ಒಂದು ದೊಡ್ಡ ಹಸಿ ನೆಲ್ಲಿಕಾಯಿಯೂ ಸಾಕು.

ಹಾಗಾದರೆ ಪೇರಲವನ್ನೂ ತಿಂದು ಚಹಾವನ್ನೂ ಕುಡಿದರಾಯಿತಲ್ಲ ಎನ್ನುವವರಿಗೆ ಉತ್ತರ ಇಷ್ಟೆ: ಅವೆರಡೂ ಒಂದನ್ನೊಂದು ಬಹುಮಟ್ಟಿಗೆ ಕಳೆಯುತ್ತವೆ, ಲಾಭ ಕೈಗೆ ಸಿಗದೆ ನಷ್ಟ ಮಾತ್ರ ತಪ್ಪುತ್ತದೆ. ಚಹಾವನ್ನು ಊಟವಾದ ಒಂದು ತಾಸಿನ ಮೇಲೆ ಕುಡಿದರೆ ತಡೆಯು ಬಹಳಷ್ಟು ಸಡಿಲವಾಗುವುದನ್ನು 2017ರಲ್ಲಿ ಪ್ರಕಟವಾದ ಇಂಗ್ಲೆಂಡಿನ ಪ್ರಯೋಗವೊಂದು ತೋರಿಸಿದೆ. ಎರೆಹೊಲದ ರೊಟ್ಟಿ ಜೀರ್ಣವಾಗಲು ತಡವಾಗುವುದರಿಂದ ನಾನಾದರೂ ಎರಡು ತಾಸು ಬಿಡುವ ಪಕ್ಷದವನು. ಕಬ್ಬಿಣದ ಮಾತ್ರೆಯನ್ನು ಚಹಾದೊಡನೆ ನುಂಗುವವರಿಗಂತೂ ಬಟ್ಟಲಿನ ಮಸಿಯನ್ನೊಮ್ಮೆ ತೋರಿಸಿದರೆ ಸಾಕು. ತುಂಬಿದ ಕಬ್ಬಿಣದ ಸಂಗ್ರಹವುಳ್ಳ ಗಂಡಸರು ಇದಕ್ಕಾಗಿ ಚಿಂತಿಸಬೇಕಾದ್ದಿಲ್ಲ. ಆದರೆ ಮನೆಯ ಪದ್ಧತಿಯನ್ನು ನಡೆಸುವವರು ಅವರಾದ್ದರಿಂದ, ಊಟವಾದೊಡನೆ “ಚಾ ಇಡವಾ” ಎಂದು ಕೂಗುವ ಅಭ್ಯಾಸವನ್ನು ಅವರೇ ಬಿಡಬೇಕಾದೀತು, ಏಕೆಂದರೆ ಅವರಿಗಾಗಿ ಕುದಿಸಿದ ಪಾತ್ರೆಯಲ್ಲಿ ಉಳಿದದ್ದನ್ನು ಆಗತಾನೇ ಉಂಡೆದ್ದ ಹೆಂಗಸರೇ ಕುಡಿಯುತ್ತಾರೆ. ಅತಿಥಿಗೆ ಚಹಾ ಕೊಡಲೇಬೇಕೆಂದಿದ್ದರೆ ಬಂದ ಕೂಡಲೇ ಕೊಡಿರಿ, ಅಡುಗೆಯಾಗುವವರೆಗೆ ಹೊತ್ತು ಕಳೆಯುತ್ತದೆ. ಇಲ್ಲವೇ ಇಳಿಹೊತ್ತಿನಲ್ಲಿ ಚುರುಮುರಿಯೊಡನೆ ಕೊಡಿರಿ, ಹಗುರವಾದ ಹಿಡಿ ಚುರುಮುರಿಯಲ್ಲಿ ಕಳೆದುಕೊಳ್ಳುವ ಕಬ್ಬಿಣ ಊಟದ್ದಕ್ಕಿಂತ ಕಡಿಮೆ.