ಎದ್ದು ನಿಲ್ಲುವ ಅರ್ಧ ನಿಮಿಷ

ನಮ್ಮ ಬಡಾವಣೆಯ ನಿವಾಸಿಗಳ ಸಂಘದಲ್ಲಿ ಒಂದು ಕುಟುಂಬ ಪ್ರತಿ ಸಭೆಗೂ ಹತ್ತು ನಿಮಿಷ ತಡವಾಗಿ ಬರುತ್ತಿತ್ತು. ನೀರಿನ ಬಾಕಿ, ಬೀದಿದೀಪ, ಕಸದ ಗಾಡಿ ಎಲ್ಲದರಲ್ಲೂ ಮುಂದೆ ನಿಲ್ಲುವ ಜನ. ಹೊತ್ತಿನ ಶಿಸ್ತು ಇಲ್ಲದವರಲ್ಲ. ಒಂದು ಸಂಜೆ ನಾನೇ ತಡವಾಗಿ ಹೋದಾಗ ಅವರು ಗೇಟಿನ ಹೊರಗೆ ಚಪ್ಪಲಿ ಬಿಡುವ ಜಾಗದಲ್ಲಿ ಸುಮ್ಮನೆ ನಿಂತಿದ್ದನ್ನು ಕಂಡೆ. ಒಳಗಿನಿಂದ ಗಣೇಶಸ್ತುತಿ ಕೇಳುತ್ತಿತ್ತು. ಅದು ಮುಗಿದು ಕುರ್ಚಿಗಳು ಸದ್ದು ಮಾಡಿದ ಮೇಲೆ ಒಳಗೆ ಬಂದರು. ಸಭೆಯ ಪ್ರಾರ್ಥನೆ ಸರಿಯಾಗಿದೆಯೇ ಎಂದು ತಿಳಿಯಲು ಹಾಡುವವರ ಮುಖ ನೋಡಿದರೆ ಸಾಲದು, ಬಾಗಿಲಾಚೆ ಯಾರಿದ್ದಾರೆಂದು ನೋಡಬೇಕು ಎಂಬುದು ಆಗ ಹೊಳೆಯಿತು.

ಆಮೇಲೆ ಎರಡು ವರ್ಷ ನಾವು ಮೂರು ನಾಲ್ಕು ಬಗೆಯ ಆರಂಭಗಳನ್ನು ಬಳಸಿ ನೋಡಿದೆವು. ಅವುಗಳ ವಿಮರ್ಶೆ ಇದು.

ಈ ಕಷ್ಟ ನಮ್ಮ ಬಡಾವಣೆಯಲ್ಲಿ ಹುಟ್ಟಿದ್ದಲ್ಲ. 1949ರ ಅಕ್ಟೋಬರ್ 17ರಂದು ಸಂವಿಧಾನ ರಚನಾ ಸಭೆ ಪೀಠಿಕೆಯನ್ನು ಚರ್ಚಿಸುತ್ತಿದ್ದಾಗ ಎಚ್.ವಿ. ಕಾಮತ್ ಒಂದು ತಿದ್ದುಪಡಿ ತಂದರು. ಪೀಠಿಕೆ ‘ದೇವರ ಹೆಸರಿನಲ್ಲಿ’ ಎಂದು ಆರಂಭವಾಗಿ, ಆಮೇಲೆ ‘ಭಾರತದ ಜನರಾದ ನಾವು’ ಬರಬೇಕು ಎಂಬುದು ಅವರ ಕೋರಿಕೆ. ಯಾವ ದೇವರೆಂದು ಹೇಳದೆ, ಎಲ್ಲರಿಗೂ ಒಪ್ಪಿಗೆಯಾಗುವ ಮಾತನ್ನೇ ಆರಿಸಿದ್ದೇನೆಂದು ಅವರು ನಂಬಿದ್ದರು. ಆದರೆ ಸಭೆಯಲ್ಲಿ ದೇವರೆಂದರೆ ದೇವಿ ಏಕಾಗಬಾರದು ಎಂಬ ಪ್ರಶ್ನೆ ಎದ್ದಿತು. ಇದು ನಂಬಿಕೆಯ ವಿಷಯದಲ್ಲಿ ಒತ್ತಾಯವಾಗುತ್ತದೆ ಎಂದು ಪಟ್ಟಂ ಥಾಣು ಪಿಳ್ಳೆ ಹೇಳಿದರು. ನಂಬಿಕೆ, ಉಪಾಸನೆಗಳ ಸ್ವಾತಂತ್ರ್ಯವನ್ನು ಸಾರುವ ಪೀಠಿಕೆಯಲ್ಲೇ ಒಂದು ನಂಬಿಕೆಯನ್ನು ಎಲ್ಲರ ಮೇಲೆ ಹೇರಿದಂತಾಗುತ್ತದೆ ಎಂಬುದು ಹೃದಯನಾಥ ಕುಂಜ್ರೂ ಅವರ ವಾದ. ದೇವರ ಮೇಲೆ ಮತ ಹಾಕುವ ಮುಜುಗರಕ್ಕೆ ನಮ್ಮನ್ನು ದೂಡಬೇಡಿ ಎಂದು ಪೂರ್ಣಿಮಾ ಬ್ಯಾನರ್ಜಿ ಬೇಡಿಕೊಂಡರು. ಕಾಮತ್ ಹಿಂದೆ ಸರಿಯಲಿಲ್ಲ. ಪರವಾಗಿ 41, ವಿರುದ್ಧ 68 ಮತ ಬಿದ್ದು ತಿದ್ದುಪಡಿ ಸೋತಿತು.

ವಿರೋಧಿಸಿದವರೆಲ್ಲ ನಾಸ್ತಿಕರಾಗಿರಲಿಲ್ಲ ಎಂಬುದು ನನಗೆ ಇಲ್ಲಿ ಮುಖ್ಯ. ಅದೇ ಸಂವಿಧಾನದ ಮೂರನೆಯ ಅನುಸೂಚಿಯಲ್ಲಿ ಮಂತ್ರಿಯಾಗುವವರು ದೇವರ ಹೆಸರಿನಲ್ಲಿ ಪ್ರಮಾಣ ಮಾಡಬಹುದು, ಇಲ್ಲವೇ ದೇವರ ಮಾತೆತ್ತದೆ ದೃಢೀಕರಿಸಬಹುದು. ಒಬ್ಬರು ನಿಂತು ಒಬ್ಬರೇ ಹೇಳುವ ಮಾತಿಗೆ ಹೀಗೆ ಎರಡು ದಾರಿ ಇಡಬಹುದು. ನಲವತ್ತು ಮಂದಿ ಒಟ್ಟಿಗೆ ನಿಂತು ಹೇಳುವ ಮಾತಿಗೆ ಅದು ಆಗದು. ಅಲ್ಲಿ ಒಂದೇ ವಾಕ್ಯ, ಅದು ಎಲ್ಲರ ಬಾಯಿಗೂ ಹೊಂದಬೇಕು.

ನಾವು ಮೊದಲು ಹಿಡಿದದ್ದು ಸರ್ವಧರ್ಮ ಪ್ರಾರ್ಥನೆಯ ದಾರಿ. ಒಂದು ಶ್ಲೋಕ, ಕುರಾನಿನ ಕೆಲವು ಸಾಲು, ಒಂದು ಕ್ರೈಸ್ತ ಪ್ರಾರ್ಥನೆ. ಗಾಂಧೀಜಿಯ ಸಂಜೆಯ ಪ್ರಾರ್ಥನೆ ನಮಗೆ ಮಾದರಿಯಾಗಿತ್ತು. ಎರಡೇ ಸಭೆಗಳಲ್ಲಿ ಅದರ ದೋಷ ಕಂಡಿತು. ಮೊದಲು ಒಂದು ಕುಟುಂಬ ಮಾತ್ರ ಬಾಗಿಲಾಚೆ ನಿಲ್ಲುತ್ತಿತ್ತು, ಈಗ ಎಲ್ಲರೂ ಸರದಿಯ ಮೇಲೆ ಇರುಸುಮುರುಸು ಪಡುವಂತಾಯಿತು. ಪಟ್ಟಿಯಲ್ಲಿ ಇಲ್ಲದವರು ತಮ್ಮದು ಏಕಿಲ್ಲ ಎಂದರು. ಯಾವುದು ಮೊದಲು ಎಂಬ ಪ್ರಶ್ನೆಗೆ ಉತ್ತರ ಸಿಗಲಿಲ್ಲ. ಏಳು ನಿಮಿಷ ನಿಂತು ಹಿರಿಯರ ಮಂಡಿ ನೋಯಿತು.

ಗಾಂಧೀಜಿಯ ಪ್ರಾರ್ಥನೆ ನಿಂತಿದ್ದ ನೆಲವೇ ಬೇರೆ. ಅಲ್ಲಿಗೆ ಬಂದವರು ಪ್ರಾರ್ಥನೆಗೆಂದೇ ಬಂದವರು. ಹಾಗಿದ್ದೂ 1947ರ ಏಪ್ರಿಲ್‌ನಲ್ಲಿ ದೆಹಲಿಯಲ್ಲಿ ಕುರಾನಿನ ಸಾಲುಗಳಿಗೆ ಯಾರೋ ಆಕ್ಷೇಪಿಸಿದಾಗ ಅವರು ಆ ಸಾಲುಗಳನ್ನು ಬಿಟ್ಟು ಮುಂದುವರಿಯಲಿಲ್ಲ, ಆಕ್ಷೇಪಿಸಿದವರನ್ನು ಹೊರದೂಡಿಸಲೂ ಇಲ್ಲ. ಪ್ರಾರ್ಥನೆಯನ್ನೇ ನಿಲ್ಲಿಸಿದರು. ಒಂದು ಭಾಗವನ್ನು ಕತ್ತರಿಸಿದರೆ ಅದು ತಮ್ಮ ಪ್ರಾರ್ಥನೆಯಾಗಿ ಉಳಿಯುವುದಿಲ್ಲ ಎಂಬ ನಿಲುವು ಅದು. ಅಷ್ಟು ಆಳದ ನಂಬಿಕೆಯಿಂದ ಹೆಣೆದದ್ದನ್ನು ನಾವು ನೀರಿನ ಬಾಕಿಯ ಚರ್ಚೆಗೆ ಮುನ್ನುಡಿಯಾಗಿ ಎರವಲು ತಂದದ್ದು ತಪ್ಪು. ಅವರಲ್ಲಿ ಪ್ರಾರ್ಥನೆಯೇ ಸಭೆ, ನಮ್ಮಲ್ಲಿ ಅದು ಸಭೆಯ ಹೊಸ್ತಿಲು.

ಮುಂದೆ ಯಾವ ಧರ್ಮಕ್ಕೂ ಸೇರದ ದೇವರ ಹೆಸರು ಹುಡುಕಲು ಹೊರಟೆವು. ‘ಸೃಷ್ಟಿಕರ್ತನೇ’ ಎಂದು ಒಂದು ಕರಡು ಬಂತು. ಹಿಂದೂ, ಮುಸ್ಲಿಂ, ಕ್ರೈಸ್ತ ಮೂವರೂ ತಲೆಯಾಡಿಸಿದರು. ಮೂಲೆಯಲ್ಲಿದ್ದ ಜೈನ ಹಿರಿಯರು ಮೆಲ್ಲನೆ, ‘ನಮ್ಮಲ್ಲಿ ಈ ಜಗತ್ತನ್ನು ಯಾರೂ ಸೃಷ್ಟಿಸಿಲ್ಲ ಸಾರ್’ ಅಂದರು. ಪಂಪನನ್ನೂ ರನ್ನನನ್ನೂ ಕೊಟ್ಟ ಧರ್ಮ ಅದು, ಕನ್ನಡದಲ್ಲಿ ಹೊರಗಿನದಲ್ಲ. ಆ ಒಂದು ಮಾತಿಗೆ ಕರಡು ಬಿದ್ದುಹೋಯಿತು. ‘ಪರಮಾತ್ಮ’ ಎಂದರೆ ಒಂದು ದರ್ಶನದ ವಾಸನೆ, ‘ಅಗೋಚರ ಶಕ್ತಿ’ ಎಂದರೆ ಭಕ್ತರಿಗೂ ಬೇಡ, ನಾಸ್ತಿಕರಿಗೂ ಬೇಡ. ಹೆಸರು ಎಷ್ಟೇ ಮಸುಕಾದರೂ ಅದು ಹೆಸರೇ. ಕರೆದ ಮೇಲೆ ಯಾರನ್ನು ಕರೆದೆವು ಎಂಬ ಪ್ರಶ್ನೆ ಬಂದೇ ಬರುತ್ತದೆ.

ಸಂವಿಧಾನದ ಪೀಠಿಕೆಯನ್ನೇ ಓದೋಣ ಎಂದವರೂ ಇದ್ದರು. 2023ರ ಸೆಪ್ಟೆಂಬರ್ 15ರಂದು ರಾಜ್ಯದಾದ್ಯಂತ ಜನ ಒಟ್ಟಾಗಿ ಅದನ್ನು ಓದಿದ್ದು ಎಲ್ಲರಿಗೂ ನೆನಪಿತ್ತು. ನಾನೂ ಒಪ್ಪಿದೆ. ಗೇಟಿನಾಚೆ ಯಾರೂ ನಿಲ್ಲಲಿಲ್ಲ, ಅದು ದೊಡ್ಡ ಗೆಲುವು. ಆದರೆ ಪೀಠಿಕೆ ಇಡೀ ಒಂದೇ ವಾಕ್ಯ. ಒಬ್ಬರು ಹೇಳಿ ಉಳಿದವರು ಅನುಸರಿಸುವಾಗ ಉಸಿರು ಎಲ್ಲೆಲ್ಲೋ ಕಡಿದು, ನ್ಯಾಯ ಒಂದು ಕಡೆ, ಅದು ಸಾಮಾಜಿಕವೋ ಆರ್ಥಿಕವೋ ಎಂಬುದು ಇನ್ನೊಂದು ಕಡೆ ಬೀಳುತ್ತದೆ. ಮೂರನೆಯ ಸಭೆಯ ಹೊತ್ತಿಗೆ ತುಟಿಗಳು ಮಾತ್ರ ಅಲ್ಲಾಡುತ್ತಿದ್ದವು. ರಾಷ್ಟ್ರಕ್ಕೆ ಬರೆದ ಪ್ರತಿಜ್ಞೆ ಅದು. ಮುಂದಿನ ಒಂದು ಗಂಟೆ ಒಬ್ಬರನ್ನೊಬ್ಬರು ಹೇಗೆ ಸಹಿಸಿಕೊಳ್ಳಬೇಕು ಎಂಬುದನ್ನು ಅದು ಹೇಳುವುದಿಲ್ಲ, ಹೇಳಲಿ ಎಂದು ಬಯಸುವುದೂ ನ್ಯಾಯವಲ್ಲ.

ದಾರಿ ಸಿಕ್ಕಿದ್ದು ನಮ್ಮ ವ್ಯಾಕರಣದಲ್ಲಿ. ‘ಮಳೆ ಬರಲಿ’, ‘ಮಕ್ಕಳು ಚೆನ್ನಾಗಿರಲಿ’ ಎಂದು ನನ್ನ ಅಜ್ಜಿ ದಿನಕ್ಕೆ ಹತ್ತು ಸಲ ಅನ್ನುತ್ತಿದ್ದರು. ಆ ಮಾತಿನಲ್ಲಿ ಹಾರೈಕೆ ಪೂರ್ತಿ ಇದೆ, ಕೇಳಿಸಿಕೊಳ್ಳುವವನ ಹೆಸರಿಲ್ಲ. ‘ಕೊಡು’, ‘ಕಾಪಾಡು’ ಎಂದ ಕೂಡಲೇ ಎದುರಿಗೆ ಒಬ್ಬ ಬೇಕಾಗುತ್ತಾನೆ. ‘ಆಗಲಿ’, ‘ಇರಲಿ’ ಎಂಬುದಕ್ಕೆ ಯಾರೂ ಬೇಡ. ಭಕ್ತರು ಅದನ್ನು ದೇವರ ಕಿವಿಗೆ ಹೇಳಿಕೊಳ್ಳಬಹುದು, ದೇವರನ್ನು ಒಪ್ಪದವರು ತಮಗೇ ಹೇಳಿಕೊಳ್ಳಬಹುದು. ಇಬ್ಬರೂ ಸುಳ್ಳಾಡಿದಂತಾಗುವುದಿಲ್ಲ. ಇದನ್ನು ಹಿಡಿದು ನಾಲ್ಕು ಸಾಲು ಬರೆದೆವು:

ಈ ಬೀದಿಗಳಲ್ಲಿ ಬಾಳುವವರ ಕೆಲಸಕ್ಕೆ ಇಲ್ಲಿ ಸೇರಿದ್ದೇವೆ.
ಬರಲಾಗದವರ ಕಷ್ಟವೂ ನಮ್ಮ ನೆನಪಿನಲ್ಲಿರಲಿ.
ಹೇಳುವುದಕ್ಕೆ ಧೈರ್ಯ, ಕೇಳುವುದಕ್ಕೆ ತಾಳ್ಮೆ ಇರಲಿ.
ಇಂದು ಒಪ್ಪಿದ್ದನ್ನು ನಾಳೆ ನಡೆಸುವ ಬಲ ಬರಲಿ.

ಮೊದಲ ಕರಡಿನಲ್ಲಿ ‘ನಾವೆಲ್ಲರೂ ಒಂದೇ’ ಎಂಬ ಸಾಲಿತ್ತು. ಮಂಗಳೂರಿನ ಕಡೆಯ ಒಬ್ಬ ಮೇಡಂ ತಡೆದರು. ತುಳುವಿನಲ್ಲಿ ಕೇಳುವವರನ್ನೂ ಸೇರಿಸಿಕೊಂಡ ‘ನಾವು’ಗೆ ‘ನಮ’, ಅವರನ್ನು ಬಿಟ್ಟ ‘ನಾವು’ಗೆ ‘ಎಂಕುಲು’. ಕನ್ನಡದಲ್ಲಿ ಎರಡಕ್ಕೂ ಒಂದೇ ಪದ. ‘ನೀವು ಹೇಳ್ತಿರೋದು ಯಾವ ನಾವು?’ ಎಂದು ಕೇಳಿದರು. ಬರೆದವರಲ್ಲಿ ನಾಲ್ಕು ಜನ ಒಂದೇ ಜಾತಿಯವರು, ಎಲ್ಲರೂ ಸ್ವಂತ ಮನೆಯವರು. ಬಾಡಿಗೆಗೆ ಇರುವವರು ಆ ‘ನಾವು’ನಲ್ಲಿ ಇದ್ದರೇ? ಉತ್ತರ ಕೊಡಲಾಗಲಿಲ್ಲ. ‘ಈ ಬೀದಿಗಳಲ್ಲಿ ಬಾಳುವವರು’ ಎಂಬ ಮಾತು ಬಂದದ್ದು ಹೀಗೆ. ನಾಲ್ಕು ಸಾಲಿನಲ್ಲಿ ಅದೇ ಗಟ್ಟಿಯಾದದ್ದು ಎಂದು ನನ್ನ ಅಭಿಪ್ರಾಯ. ಕೊನೆಯ ಸಾಲಿನ ‘ಬಲ’ ಸ್ವಲ್ಪ ಸಡಿಲ, ಎಲ್ಲಿಂದ ಬರಬೇಕೆಂದು ಹೇಳದೆ ತಪ್ಪಿಸಿಕೊಳ್ಳುತ್ತದೆ. ಆದರೆ ಆ ಸಡಿಲ ಜಾಗದಲ್ಲೇ ಎಲ್ಲರೂ ನಿಂತಿದ್ದಾರೆ, ಹಾಗಾಗಿ ಬಿಗಿ ಮಾಡಲು ಮನಸ್ಸು ಬರುತ್ತಿಲ್ಲ.

ಇದರಲ್ಲಿ ಕಳೆದುಕೊಂಡದ್ದೂ ಇದೆ. ಇಪ್ಪತ್ತು ವರ್ಷ ಗಣೇಶಸ್ತುತಿ ಹಾಡಿದ್ದ ಹಿರಿಯ ಮಹಿಳೆಗೆ ಇದು ಸಪ್ಪೆ. ‘ಇದು ಪ್ರಾರ್ಥನೆ ಅಲ್ಲಪ್ಪ’ ಅಂದರು. ಅವರ ಮಾತು ನಿಜ. ಹೆಸರು ಹಿಡಿದು ಕರೆಯದೆ ಭಕ್ತಿಗೆ ತಣಿವಿಲ್ಲ. ಅದನ್ನು ಪ್ರಾರ್ಥನೆಯೆಂದು ಕರೆದು ಅವರಿಗೆ ಮೋಸ ಮಾಡುವುದು ಬೇಡವೆಂದು ಕಾರ್ಯಸೂಚಿಯಲ್ಲಿ ‘ಆರಂಭದ ಮಾತು’ ಎಂದು ಬದಲಿಸಿದೆವು. ಅದರ ಬೆನ್ನಿಗೆ ಅರ್ಧ ನಿಮಿಷ ಮೌನ ಇಟ್ಟೆವು, ಅವರು ಆಗ ತಮ್ಮ ಸ್ತುತಿಯನ್ನು ಮನಸ್ಸಿನಲ್ಲೇ ಹೇಳಿಕೊಳ್ಳುತ್ತಾರೆ.

ಮೌನವನ್ನು ಬರಿದೆ ಇಟ್ಟರೆ ಜನ ಗಡಿಯಾರ ನೋಡುತ್ತಾರೆ. 1947ರ ಆಗಸ್ಟ್ 14ರ ರಾತ್ರಿ ಸಂವಿಧಾನ ರಚನಾ ಸಭೆಯ ಸದಸ್ಯರು ಎರಡು ನಿಮಿಷ ಮೌನವಾಗಿ ನಿಂತದ್ದು ಸ್ವಾತಂತ್ರ್ಯಕ್ಕಾಗಿ ಮಡಿದವರ ನೆನಪಿಗೆ, ಆ ಮೌನದೊಳಗೆ ಒಂದು ಹೊರೆಯಿತ್ತು. ನಮ್ಮದು ಅಷ್ಟು ದೊಡ್ಡದಲ್ಲ. ಆ ತಿಂಗಳು ಬಡಾವಣೆಯಲ್ಲಿ ಯಾರಾದರೂ ತೀರಿಕೊಂಡಿದ್ದರೆ, ಆಸ್ಪತ್ರೆಯಲ್ಲಿದ್ದರೆ ಅವರ ಹೆಸರು ಹೇಳಿ ಸುಮ್ಮನಾಗುತ್ತೇವೆ.

ಉಳಿದದ್ದು ನಿಲ್ಲುವ ಪ್ರಶ್ನೆ. ಕೇರಳದಲ್ಲಿ ಯೆಹೋವನ ಸಾಕ್ಷಿಗಳ ಪಂಥಕ್ಕೆ ಸೇರಿದ ಮೂವರು ಮಕ್ಕಳು ರಾಷ್ಟ್ರಗೀತೆಗೆ ಎದ್ದು ನಿಲ್ಲುತ್ತಿದ್ದರು, ಹಾಡುತ್ತಿರಲಿಲ್ಲ. ಅದಕ್ಕೆ ಶಾಲೆಯಿಂದ ಹೊರಹಾಕಿದಾಗ, 1986ರ ಬಿಜೋ ಇಮ್ಯಾನುಯೆಲ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಮಕ್ಕಳ ಪರ ನಿಂತಿತು. ಗೌರವದಿಂದ ನಿಂತವರು ಹಾಡದಿದ್ದರೆ ಅವಮಾನವಾಗುವುದಿಲ್ಲ ಎಂದಿತು. ನಿಲ್ಲುವುದೂ ಹಾಡುವುದೂ ಎರಡು ಬೇರೆ ಕೆಲಸ ಎಂದು ನಾನು ಕಲಿತದ್ದು ಆ ತೀರ್ಪಿನಿಂದ. ಆದ್ದರಿಂದ ನಮ್ಮಲ್ಲಿ ಒಬ್ಬರೇ ಓದುತ್ತಾರೆ, ಯಾರೂ ಹಿಂದಿನಿಂದ ಹೇಳಬೇಕಿಲ್ಲ. ಓದುವವರು ಪ್ರತಿ ತಿಂಗಳು ಬದಲಾಗುತ್ತಾರೆ. ‘ಎಲ್ಲರೂ ಎದ್ದು ನಿಲ್ಲಬೇಕಾಗಿ ವಿನಂತಿ’ ಎಂಬ ಹಳೆಯ ಸಾಲು ‘ಆಗುವವರು ಎದ್ದು ನಿಲ್ಲಬಹುದು’ ಎಂದಾಯಿತು. ಅದನ್ನು ಮಂಡಿನೋವಿಗೆ ಹೇಳಿದ್ದೆಂದು ತಿಳಿಯುವವರೂ ಇದ್ದಾರೆ, ಮನಸ್ಸಿಗೆ ಹೇಳಿದ್ದೆಂದು ತಿಳಿಯುವವರೂ ಇದ್ದಾರೆ. ಕುಳಿತವರು ಯಾಕೆ ಕುಳಿತರೆಂದು ಯಾರೂ ಕೇಳುವುದಿಲ್ಲ.

ಕಳೆದ ತಿಂಗಳು ಓದುವ ಸರದಿ ಗೇಟಿನಾಚೆ ನಿಲ್ಲುತ್ತಿದ್ದ ಕುಟುಂಬದ ಹುಡುಗಿಯದು. ಐದು ನಿಮಿಷ ಮೊದಲೇ ಬಂದು, ಗಣೇಶಸ್ತುತಿ ಹಾಡುತ್ತಿದ್ದ ಹಿರಿಯ ಮಹಿಳೆಯ ಪಕ್ಕ ಕೂತು, ‘ಅಜ್ಜಿ, ತಾಳ್ಮೆ ಅನ್ನೋ ಕಡೆ ಸ್ವಲ್ಪ ನಿಲ್ಲಿಸಬೇಕಾ?’ ಎಂದು ಕೇಳುತ್ತಿದ್ದಳು.