ದುಭಾಷಿಯ ಸೋಲು: ಬಾಖ್‌ಮನ್ನಳ ‘ಸಿಮುಲ್ಟಾನ್’

ಆಸ್ಟ್ರಿಯದ ಲೇಖಕಿ ಇಂಗೆಬೋರ್ಗ್ ಬಾಖ್‌ಮನ್ (1926–1973) ಜರ್ಮನ್ ಭಾಷೆಯಲ್ಲಿ ಬರೆದು 1972ರಲ್ಲಿ ಪ್ರಕಟಿಸಿದ ಕಥಾಸಂಗ್ರಹದ ಮೊದಲ ಕಥೆ ‘ಸಿಮುಲ್ಟಾನ್’. ಏಕಕಾಲದಲ್ಲಿ ಎಂಬುದು ಆ ಪದದ ಅರ್ಥ. ಭಾಷಣಕಾರನು ನುಡಿಯುತ್ತಿರುವಾಗಲೇ ಅದನ್ನು ಮತ್ತೊಂದು ಭಾಷೆಯಲ್ಲಿ ಹೇಳುವ ದುಭಾಷಿಗಳ ವೃತ್ತಿಗೂ ಅದೇ ಹೆಸರು.

ಕಥಾನಾಯಿಕೆ ನಾದ್ಯಾ ವಿಯೆನ್ನಾ ಮೂಲದವಳು. ಅಂತರರಾಷ್ಟ್ರೀಯ ಸಮ್ಮೇಳನಗಳಲ್ಲಿ ದುಭಾಷಿ. ರೋಮಿನಲ್ಲಿ ಪರಿಚಯವಾದ ಅಧಿಕಾರಿ ಫ್ರಾಂಕೆಲ್‌ನೊಡನೆ ಇಟಲಿಯ ದಕ್ಷಿಣದ ಕಡಲತೀರವಾದ ಮರಾತೆಯಾಕ್ಕೆ ಬಂದಿದ್ದಾಳೆ. ಇತರರ ಮಾತು ಅವಳ ಕಿವಿಯಿಂದ ನಾಲಗೆಗೆ ಹರಿದುಹೋಗಬೇಕು. ಅರ್ಥವನ್ನು ಚಿಂತಿಸುತ್ತ ನಿಂತರೆ ಪದರಾಶಿಯ ಕೆಳಗೆ ಹೂತುಹೋಗುವ ಭಯ. ಜರ್ಮನ್ ಬರವಣಿಗೆಯ ನಡುವೆ ಇಟಾಲಿಯನ್, ಫ್ರೆಂಚ್, ಇಂಗ್ಲಿಷ್ ಪದಗಳನ್ನು ಹಾಗೆಯೇ ಇಟ್ಟು ಲೇಖಕಿ ಈ ಮನಃಸ್ಥಿತಿಯನ್ನು ಶೈಲಿಯಲ್ಲೇ ತೋರಿಸಿದ್ದಾಳೆ.

ಕಥೆಯ ಕೊನೆಯಲ್ಲಿ ಹೋಟೆಲಿನ ಕೋಣೆಯಲ್ಲಿದ್ದ ಇಟಾಲಿಯನ್ ಬೈಬಲ್ಲನ್ನು ತೆರೆದಾಗ, ಪವಾಡವನ್ನೂ ಶ್ರದ್ಧೆಯನ್ನೂ ಬೆಸೆಯುವ ಕಿರುವಾಕ್ಯವೊಂದು ಅವಳ ಕಣ್ಣಿಗೆ ಬೀಳುತ್ತದೆ. ಪ್ರತಿಪದದ ಅರ್ಥವೂ ಗೊತ್ತು. ಆದರೂ ವಾಕ್ಯ ಭಾಷಾಂತರಕ್ಕೆ ಒಗ್ಗದು. ಅವಳು ಅಳುತ್ತಾಳೆ.

ಅಡ್ಡಿ ಎಲ್ಲಿದೆ ಎಂಬುದನ್ನು ಕಥೆ ವಿವರಿಸುವುದಿಲ್ಲ. ಎರಡು ಭಾಷೆಗಳನ್ನು ಹೋಲಿಸಿದರೆ ಅದು ತಿಳಿಯುತ್ತದೆ. ಇಟಾಲಿಯನ್ನಿನ ‘ಫೇದೆ’ ಎಂಬ ಪದಕ್ಕೆ ದೇವರಲ್ಲಿಡುವ ಶ್ರದ್ಧೆ, ಕೊಟ್ಟ ಮಾತಿಗೆ ನಿಷ್ಠೆ, ಮದುವೆಯ ಉಂಗುರ ಎಂಬ ಮೂರು ಅರ್ಥಗಳುಂಟು. ಜರ್ಮನ್ನಿನಲ್ಲಿ ಶ್ರದ್ಧೆಗೆ ‘ಗ್ಲೌಬೆ’, ನಿಷ್ಠೆಗೆ ‘ಟ್ರೊಯೆ’. ಉಂಗುರಕ್ಕೆ ಬೇರೆಯೇ ಪದ. ಒಂದನ್ನು ಆರಿಸಿದೊಡನೆ ಉಳಿದೆರಡು ಕಳೆದುಹೋಗುತ್ತವೆ. ಇದಕ್ಕೆ ವಿರುದ್ಧವಾಗಿ, ಪವಾಡಕ್ಕಿರುವ ಜರ್ಮನ್ ಪದ ‘ವುಂಡರ್’ ಅಚ್ಚರಿಯನ್ನೂ ಸೂಚಿಸಿ, ಇಟಾಲಿಯನ್ ಪದ ಹೇಳದಿದ್ದುದನ್ನು ಸೇರಿಸುತ್ತದೆ. ಹೀಗೆ ಒಂದೆಡೆ ಅರ್ಥ ಸೋರುತ್ತದೆ, ಇನ್ನೊಂದೆಡೆ ಬೇಡದ ಅರ್ಥ ನುಗ್ಗುತ್ತದೆ. ಕನ್ನಡಕ್ಕೆ ತರುವವನಿಗೆ ‘ವಿಶ್ವಾಸ’ ಕೊಂಚ ನೆರವಾದೀತು: ‘ಪ್ರೀತಿ ವಿಶ್ವಾಸ’ ಎನ್ನುವಾಗ ಅದರಲ್ಲಿ ನಂಬಿಕೆಯ ಜೊತೆಗೆ ಸ್ನೇಹವೂ ಇದೆ. ಆದರೆ ಉಂಗುರ ಅಲ್ಲಿಯೂ ಸಿಗದು.

ವೃತ್ತಿಯ ದೃಷ್ಟಿಯಿಂದ ಇದು ಅಲ್ಪ ತೊಡಕು. ಸಮ್ಮೇಳನದಲ್ಲಾಗಿದ್ದರೆ ನಾದ್ಯಾ ‘ಗ್ಲೌಬೆ’ ಎಂದು ಮುಂದೆ ಸಾಗುತ್ತಿದ್ದಳು; ಯಾರೂ ಆಕ್ಷೇಪಿಸುತ್ತಿರಲಿಲ್ಲ. ಇಲ್ಲಿ ಕೇಳುಗರಿಲ್ಲ, ಅವಸರವೂ ಇಲ್ಲ. ಯಾರನ್ನು ನಂಬಬೇಕು, ಯಾರಿಗೆ ನಿಷ್ಠಳಾಗಿರಬೇಕು ಎಂಬುದನ್ನು ಬಾಳಿನಲ್ಲಿ ನಿರ್ಧರಿಸದವಳು, ಅವೆರಡನ್ನೂ ಒಂದಾಗಿಸಿದ ಪದವನ್ನು ಬಿಡಿಸಿ ಇಡಲಾರಳು. ಆದುದರಿಂದ ಅವಳ ಸೋಲು ಶಬ್ದಜ್ಞಾನದ ಕೊರತೆಯಲ್ಲ. ಮೊದಲ ಬಾರಿಗೆ ಅವಳು ಒಂದು ವಾಕ್ಯವನ್ನು ದಾಟಿಸದೆ ಓದಿದ್ದಾಳೆ.

ಫ್ರಾಂಕೆಲ್‌ನ ಪಾತ್ರ ತುಸು ತೆಳುವಾಗಿಯೇ ಉಳಿದಿರುವುದು ಕಥೆಯ ದೋಷ. ಕಥೆಯ ಭಾರವೆಲ್ಲ ಕೊನೆಯ ಪುಟಗಳ ಮೇಲೆ ಬಿದ್ದಿದೆ. ಆದರೂ ಆ ವಾಕ್ಯಕ್ಕೆ ಸುಲಭ ಭಾಷಾಂತರವೊಂದನ್ನು ಒದಗಿಸಿ ನಾಯಿಕೆಯನ್ನು ಸಮಾಧಾನಪಡಿಸದಿರುವ ಸಂಯಮ ಆ ಭಾರವನ್ನು ಹೊತ್ತಿದೆ.