ಹೊಗೆಯ ಲೆಕ್ಕ, ಔಷಧದ ಲೆಕ್ಕ

ತಂಬಾಕನ್ನು ಬಿಡಬೇಕೆಂದು ಹೊರಟವನ ಮುಂದೆ ವೈದ್ಯಶಾಸ್ತ್ರವು ಇಂದು ಮುಖ್ಯವಾಗಿ ಮೂರು ಸಾಧನಗಳನ್ನು ಇಡುತ್ತದೆ: ಚರ್ಮಕ್ಕೆ ಅಂಟಿಸತಕ್ಕ ನಿಕೋಟಿನ್ ಪಟ್ಟಿ, ಬಾಯಲ್ಲಿಟ್ಟು ಜಗಿಯತಕ್ಕ ನಿಕೋಟಿನ್ ಗಮ್, ನುಂಗತಕ್ಕ ವರೆನಿಕ್ಲಿನ್ ಮಾತ್ರೆ. ಇವುಗಳಲ್ಲಿ ಯಾವುದು ಉತ್ತಮವೆಂದು ಕೇಳುವವರು ಬಹುಮಂದಿ. ಎಷ್ಟು ಪ್ರಮಾಣದಲ್ಲಿ, ಯಾವ ಹೊತ್ತಿನಲ್ಲಿ, ಎಷ್ಟು ವಾರಗಳ ಪರ್ಯಂತ ಎಂದು ಕೇಳುವವರು ವಿರಳ. ಈ ಔಷಧಗಳಿಗೆ ನಮ್ಮಲ್ಲಿ ಬಂದೊದಗಿರುವ ಅಪಕೀರ್ತಿಯನ್ನು ನಾನು ಪರಿಶೀಲಿಸಿದಮಟ್ಟಿಗೆ, ಅದರ ಬಹುಭಾಗ ಈ ಕೇಳದೆ ಬಿಟ್ಟ ಪ್ರಶ್ನೆಯಿಂದಲೇ ಹುಟ್ಟಿದ್ದೆಂದು ತೋರುತ್ತದೆ.

ನನ್ನ ನೆರೆಯಲ್ಲಿರುವ ನಿವೃತ್ತ ಶಾಲಾ ಉಪಾಧ್ಯಾಯರೊಬ್ಬರ ಕಥೆಯನ್ನೇ ತೆಗೆದುಕೊಳ್ಳೋಣ. ದಿನಕ್ಕೆ ಇಪ್ಪತ್ತು ಸಿಗರೇಟು ಸೇದುತ್ತಿದ್ದವರು. ಹಾಸಿಗೆಯಿಂದೆದ್ದ ಹತ್ತು ನಿಮಿಷದೊಳಗೆ, ಕಾಫಿಯ ಲೋಟ ಒಂದು ಕೈಯಲ್ಲಿರುವಾಗಲೇ, ಮೊದಲನೆಯದು ಹೊತ್ತಿಕೊಳ್ಳುತ್ತಿತ್ತು. ಒಂದು ದಿನ ಮನಸ್ಸು ಗಟ್ಟಿಮಾಡಿ ಔಷಧದ ಅಂಗಡಿಗೆ ಹೋಗಿ, ಚೀಟಿಯಿಲ್ಲದೆ ದೊರೆಯುವ 2 ಮಿಲಿಗ್ರಾಂ ಗಮ್ಮನ್ನು ತಂದು, ದಿನಕ್ಕೆ ಐದರಂತೆ ಎಲೆಯಡಿಕೆಯ ಹಾಗೆ ಚೆನ್ನಾಗಿ ಅರೆದು ರಸವನ್ನು ನುಂಗಿದರು. ಫಲವಾಗಿ ಬಂದದ್ದು ಬಿಕ್ಕಳಿಕೆ, ಎದೆಯುರಿ, ಓಕರಿಕೆ; ಹೋಗದೆ ಉಳಿದದ್ದು ತಲಬು. ಒಂಬತ್ತನೆಯ ದಿನ ಅವರು ಮತ್ತೆ ಬೀದಿಯ ಮೂಲೆಯ ಪೆಟ್ಟಿಗೆ ಅಂಗಡಿಯ ಮುಂದೆ ನಿಂತಿದ್ದರು.

ಇಲ್ಲಿ ಸೋತದ್ದು ಮೇಷ್ಟರ ಸಂಕಲ್ಪವೆಂದು ಮನೆಯವರು ತೀರ್ಮಾನಿಸಿದರು. ನಾನು ಹಾಗೆಣಿಸಲಾರೆ, ಏಕೆಂದರೆ ಒಂದು ಸಣ್ಣ ಗಣಿತವನ್ನು ಮಾಡಿದರೆ ಅಪರಾಧಿ ಬೇರೆಯೆಂದು ಗೊತ್ತಾಗುತ್ತದೆ. ಒಂದು ಸಿಗರೇಟು ಸೇದುವವನ ರಕ್ತಕ್ಕೆ ಸುಮಾರು ಒಂದು ಮಿಲಿಗ್ರಾಮಿನಷ್ಟು, ಕೆಲವೊಮ್ಮೆ ಅದಕ್ಕಿಂತ ತುಸು ಹೆಚ್ಚು ನಿಕೋಟಿನನ್ನು ಸೇರಿಸುತ್ತದೆ. ಸರಿಯಾಗಿ ಬಳಸಿದ 2 ಮಿಲಿಗ್ರಾಂ ಗಮ್ಮಿನಿಂದ ರಕ್ತಕ್ಕೆ ಸೇರುವುದೂ ಸುಮಾರು ಅಷ್ಟೇ. ಇಪ್ಪತ್ತರ ಬದಲಿಗೆ ಐದನ್ನು, ಅದನ್ನೂ ಅರ್ಧಕ್ಕರ್ಧ ವ್ಯರ್ಥವಾಗುವ ರೀತಿಯಲ್ಲಿ, ಕೊಟ್ಟಮೇಲೆ ದೇಹವು ದಂಗೆಯೇಳದಿರುವುದಾದರೂ ಹೇಗೆ? ಎದ್ದ ಅರ್ಧ ಗಂಟೆಯೊಳಗೆ ಮೊದಲ ಸಿಗರೇಟು ಬೇಕಾಗುವವನಿಗೆ 4 ಮಿಲಿಗ್ರಾಂ, ಅದಕ್ಕಿಂತ ತಡೆಯಬಲ್ಲವನಿಗೆ 2 ಎಂಬುದು ಗಮ್ಮಿನ ಮೂಲ ನಿಯಮ. ಸಿಗರೇಟಿನ ಸಂಖ್ಯೆಗಿಂತ ಈ ಬೆಳಗಿನ ಗಡಿಯಾರವೇ ವ್ಯಸನದ ಆಳವನ್ನು ಹೆಚ್ಚು ಪ್ರಾಮಾಣಿಕವಾಗಿ ಹೇಳುತ್ತದೆ. ಮೊದಲ ಆರು ವಾರ ಒಂದೆರಡು ಗಂಟೆಗೊಂದರಂತೆ, ಮುಂದಿನ ಮೂರು ವಾರ ಎರಡರಿಂದ ನಾಲ್ಕು ಗಂಟೆಗೊಂದರಂತೆ, ಕೊನೆಯ ಮೂರು ವಾರ ನಾಲ್ಕರಿಂದ ಎಂಟು ಗಂಟೆಗೊಂದರಂತೆ ಇಳಿಸುತ್ತ ಬರಬೇಕು. ದಿನವೊಂದಕ್ಕೆ ಇಪ್ಪತ್ತನಾಲ್ಕನ್ನು ಮೀರಲಾಗದು. ಹೆಚ್ಚು ಬೇಕಾದವನಿಗೆ ವೈದ್ಯರ ಚೀಟಿ ಬೇಕು, ಕಡಿಮೆ ಸಾಕಾದವನಿಗೆ ಬೇಡ ಎಂಬ ನಮ್ಮ ವ್ಯವಸ್ಥೆಯು, ಯಾರ ಚಟ ಅತ್ಯಂತ ಆಳವೋ ಅವರನ್ನೇ ಅರೆಹೊಟ್ಟೆಯ ಔಷಧದತ್ತ ತಳ್ಳುತ್ತದೆಂಬುದು ನನ್ನ ಆಕ್ಷೇಪ.

ಗಮ್ ಎಂಬ ಹೆಸರೇ ಇನ್ನೊಂದು ಅನರ್ಥಕ್ಕೆ ಕಾರಣ. ಇದನ್ನು ಜಗಿಯುವುದಕ್ಕಿಂತ ಸುಮ್ಮನೆ ಇಟ್ಟುಕೊಳ್ಳುವುದೇ ಹೆಚ್ಚು. ನಾಲಗೆಗೆ ಖಾರವೋ ಚುರುಚುರು ಎನ್ನುವ ಅನುಭವವೋ ಬರುವತನಕ ನಿಧಾನವಾಗಿ ಕೆಲವು ಸಲ ಜಗಿದು, ಆಮೇಲೆ ಕೆನ್ನೆಗೂ ವಸಡಿಗೂ ನಡುವೆ ಒತ್ತಿಟ್ಟು, ಚುರುಚುರು ಅಡಗಿದ ಮೇಲೆ ಮತ್ತೆ ಜಗಿದು, ಈ ಬಾರಿ ಬೇರೊಂದು ಕಡೆಯಲ್ಲಿಟ್ಟು, ಹೀಗೆ ಅರ್ಧ ಗಂಟೆ ಸಾಗಿಸಬೇಕು. ನಿಕೋಟಿನ್ ಹೀರಲ್ಪಡುವುದು ಬಾಯಿಯ ಒಳಚರ್ಮದಿಂದ. ನುಂಗಿದ್ದು ಜಠರವನ್ನು ಕೆರಳಿಸಿ, ಯಕೃತ್ತಿನಲ್ಲಿ ಬಹುಪಾಲು ನಾಶವಾಗುತ್ತದೆ. ಮೇಷ್ಟರ ಬಿಕ್ಕಳಿಕೆ, ಎದೆಯುರಿಗಳ ಮೂಲ ಅದೇ. ಮತ್ತೊಂದು ಸೂಕ್ಷ್ಮವೂ ಉಂಟು: ಬಾಯಿ ಆಮ್ಲೀಯವಾಗಿದ್ದರೆ ನಿಕೋಟಿನ್ ಒಳಹೋಗದು, ಕಾಫಿ, ನಿಂಬೆಯ ಪಾನಕ, ಸೋಡಾ ಇವೆಲ್ಲವೂ ಅದಕ್ಕೆ ಬಾಗಿಲು ಮುಚ್ಚುತ್ತವೆ. ಆದುದರಿಂದ ಗಮ್ಮಿಗೆ ಹದಿನೈದು ನಿಮಿಷ ಮುಂಚಿನಿಂದ ಅದು ಬಾಯಲ್ಲಿರುವತನಕ ನೀರಲ್ಲದೆ ಬೇರೇನೂ ಸಲ್ಲದು. ಮುಂಜಾನೆಯ ಕಾಫಿಯ ಮೇಲೆಯೇ ಗಮ್ಮನ್ನು ಬಾಯಿಗಿಡುತ್ತಿದ್ದ ಮೇಷ್ಟರು ದಿನದ ಅತ್ಯಂತ ಕಠಿಣವಾದ ಗಳಿಗೆಯಲ್ಲಿಯೇ ನಿರಾಯುಧರಾಗಿದ್ದರು.

ಎರಡನೆಯ ಪ್ರಯತ್ನದಲ್ಲಿ ಅವರು ವೈದ್ಯರ ಬಳಿಗೆ ಹೋದರು. “ಮೇಷ್ಟ್ರೇ, ನೀವು ತಿಂದದ್ದು ಔಷಧವಲ್ಲ, ಔಷಧದ ಒಗ್ಗರಣೆ” ಎಂದು ನಕ್ಕ ವೈದ್ಯರು ಪಟ್ಟಿಯನ್ನೂ ಗಮ್ಮನ್ನೂ ಒಟ್ಟಿಗೆ ಬರೆದುಕೊಟ್ಟರು. ಪಟ್ಟಿಯ ಗುಣವೇ ಅದರ ದೋಷ: ಇಡೀ ದಿನ ಒಂದೇ ಸಮನೆ ನಿಕೋಟಿನನ್ನು ಒಸರಿಸಿ ತಳದ ಹಂಬಲವನ್ನು ಅದು ಅಡಗಿಸುತ್ತದೆ, ಆದರೆ ಅಂಟಿಸಿದ ಮೇಲೆ ಪೂರ್ಣ ಬಲಕ್ಕೆ ಬರುವುದಕ್ಕೆ ಕೆಲವು ಗಂಟೆಗಳು ಹಿಡಿಯುತ್ತವೆ, ಮತ್ತು ಊಟವಾದ ಮೇಲೋ ಗೆಳೆಯರ ಹರಟೆಯ ನಡುವೆಯೋ ಥಟ್ಟನೆ ಏಳುವ ತಲಬಿಗೆ ಅದರಲ್ಲಿ ಉತ್ತರವಿಲ್ಲ. ಆ ಉತ್ತರ ಗಮ್ಮಿನಲ್ಲಿದೆ. ದಿನಕ್ಕೆ ಹತ್ತಕ್ಕಿಂತ ಹೆಚ್ಚು ಸೇದುತ್ತಿದ್ದುದರಿಂದ ಅವರಿಗೆ 21 ಮಿಲಿಗ್ರಾಂ ಪಟ್ಟಿ ಆರು ವಾರ, ಅನಂತರ 14 ಎರಡು ವಾರ, 7 ಎರಡು ವಾರ ಎಂಬ ಕ್ರಮ; ಹತ್ತೋ ಅದಕ್ಕಿಂತ ಕಡಿಮೆಯೋ ಸೇದುವವರಾಗಿದ್ದರೆ 14ರಿಂದಲೇ ಆರಂಭವಾಗುತ್ತಿತ್ತು. ಪ್ರತಿದಿನ ಕೂದಲಿಲ್ಲದ, ಒಣಗಿದ ಹೊಸ ಜಾಗದಲ್ಲಿ ಅಂಟಿಸಬೇಕು, ಒಂದು ವಾರದೊಳಗೆ ಹಳೆಯ ಜಾಗಕ್ಕೆ ಮರಳಬಾರದು. ಇಷ್ಟು ಮಾಡಿದರೂ ಅಲ್ಪಸ್ವಲ್ಪ ತುರಿಕೆ, ಕೆಂಪು ಉಳಿಯುತ್ತವೆ. ಗುಳ್ಳೆಯೆದ್ದರೆ ಮಾತ್ರ ಪಟ್ಟಿಯನ್ನು ಬಿಡಬೇಕಾದೀತು.

ಮೊದಲ ವಾರದಲ್ಲಿ ಎರಡು ತೊಡಕುಗಳು ಬಂದವು. ಒಂದು, ಬಣ್ಣಬಣ್ಣದ ಉದ್ದನೆಯ ಕನಸುಗಳು. ಮಲಗುವ ಮುನ್ನ ಪಟ್ಟಿಯನ್ನು ಕಿತ್ತಿಟ್ಟು, ಬೆಳಿಗ್ಗೆ ಹೊಸದನ್ನು ಅಂಟಿಸಿ, ಅದು ಬಲಗೊಳ್ಳುವತನಕ ಒಂದು ಗಮ್ಮನ್ನು ಆಶ್ರಯಿಸಿದ್ದರಿಂದ ಅದು ಪರಿಹಾರವಾಯಿತು. ಎರಡನೆಯದು ನಿದ್ರಾಹೀನತೆ, ಕೈನಡುಕ, ಎದೆಬಡಿತ. ಪಟ್ಟಿಯ ಪ್ರಮಾಣವೇ ಹೆಚ್ಚಾಯಿತೆಂದು ಅವರು ಅದನ್ನು ಕತ್ತರಿಸಿ ಅರ್ಧಮಾಡುವುದರಲ್ಲಿದ್ದರು. ನಿಕೋಟಿನ್ ಮಿತಿಮೀರಿದರೆ ಓಕರಿಕೆ, ತಲೆಸುತ್ತು, ತಣ್ಣನೆಯ ಬೆವರು ಸಾಮಾನ್ಯವಾಗಿ ಕೂಡಿಬರುತ್ತವೆ, ಅವು ಇಲ್ಲಿರಲಿಲ್ಲ. ನಿಜವಾದ ಕಾರಣ ಅವರ ಐದು ಲೋಟ ಕಾಫಿಯಾಗಿತ್ತು. ತಂಬಾಕಿನ ಹೊಗೆಯಲ್ಲಿರುವ ಟಾರು (ನಿಕೋಟಿನ್ ಅಲ್ಲ ಎಂಬುದನ್ನು ಗಮನಿಸಬೇಕು) ಯಕೃತ್ತಿನ ಒಂದು ಕಿಣ್ವವನ್ನು ಚುರುಕುಗೊಳಿಸಿ ಕೆಫೀನನ್ನು ಬೇಗಬೇಗನೆ ಕರಗಿಸುತ್ತಿರುತ್ತದೆ. ಹೊಗೆ ನಿಂತಮೇಲೆ ಆ ಕಿಣ್ವವು ಕೆಲವೇ ದಿನಗಳಲ್ಲಿ ಮಂದವಾಗಿ, ಅದೇ ಐದು ಲೋಟ ರಕ್ತದಲ್ಲಿ ಹತ್ತು ಲೋಟದಂತೆ ನಿಲ್ಲುತ್ತದೆ. ಕಾಫಿಯನ್ನು ಅರ್ಧಕ್ಕಿಳಿಸಿದ ನಾಲ್ಕನೆಯ ರಾತ್ರಿ ಅವರು ಮಲಗಿ ನಿದ್ರಿಸಿದರು. ನಮ್ಮ ಮೈಸೂರು ಸೀಮೆಯಲ್ಲಿ ಪಟ್ಟಿಯ ಮೇಲೆ ಹೊರಿಸಿದ ಅಪವಾದಗಳಲ್ಲಿ ಎಷ್ಟು ಪಾಲು ಫಿಲ್ಟರಿನ ಡಿಕಾಕ್ಷನ್ನಿಗೆ ಸಲ್ಲತಕ್ಕದ್ದೋ! ಕೆಲವು ಮಾನಸಿಕ ರೋಗದ ಔಷಧಗಳೂ ಉಬ್ಬಸಕ್ಕೆ ಕೊಡುವ ಥಿಯೋಫಿಲಿನ್ ಕೂಡ ಇದೇ ಕಿಣ್ವದ ದಾರಿಯಲ್ಲಿ ಕರಗತಕ್ಕವಾದುದರಿಂದ, ಅವನ್ನು ಸೇವಿಸುವವರು ಸಿಗರೇಟು ಬಿಡುವ ದಿನವನ್ನು ವೈದ್ಯರಿಗೆ ಮುಂಚೆಯೇ ತಿಳಿಸಬೇಕು.

ಮೂರನೆಯ ವಾರ ಮದುವೆಯ ಮನೆಯೊಂದರಲ್ಲಿ ಅವರು ಒಂದು ಸಿಗರೇಟು ಸೇದಿಬಿಟ್ಟರು. ಪಟ್ಟಿಯ ಮೇಲೆ ಹೊಗೆ ಸೇರಿದರೆ ಹೃದಯ ನಿಲ್ಲುತ್ತದೆಂಬ ಜನಜನಿತವಾದ ಭಯದಿಂದ ತಕ್ಷಣವೇ ಪಟ್ಟಿಯನ್ನು ಕಿತ್ತೊಗೆದವರಿಗೆ ವೈದ್ಯರು ಹೇಳಿದ್ದು, ಹಾಗೆ ಕೀಳುವುದರಿಂದಲೇ ಎರಡನೆಯ ಸಿಗರೇಟು ಬರುತ್ತದೆ, ಮರುದಿನ ಹೊಸ ಪಟ್ಟಿಯನ್ನು ಅಂಟಿಸಿ ಮುಂದುವರಿಯಿರಿ ಎಂದು. ಅವರು ಹಾಗೆಯೇ ಮಾಡಿದರು.

ಇನ್ನು ವರೆನಿಕ್ಲಿನ್. ನಿಕೋಟಿನ್ ಇಲ್ಲದ ಈ ಮಾತ್ರೆಯ ಮೂಲಕಲ್ಪನೆ ಲಬರ್ನಮ್ ಎಂಬ ಮರದ ಬೀಜದಲ್ಲಿರುವ ಸಿಟಿಸಿನ್ ಎಂಬ ವಸ್ತುವಿನಿಂದ ಬಂದದ್ದು. ಅಮೆರಿಕದಲ್ಲಿ 2006ರಲ್ಲಿ ಅನುಮತಿ ಪಡೆಯಿತು. ಮೆದುಳಿನಲ್ಲಿ ನಿಕೋಟಿನ್ ಕೂರುವ ಸ್ಥಾನದಲ್ಲಿ ತಾನು ಮೊದಲೇ ಕೂತು, ಆ ಸ್ಥಾನವನ್ನು ಅರೆಯಷ್ಟೇ ಎಚ್ಚರಿಸುತ್ತದೆ: ಹಂಬಲ ತಗ್ಗುವಷ್ಟು ಎಚ್ಚರ, ಸುಖವೆನಿಸದಷ್ಟು ಮಂದ. ಬಸ್ಸಿನ ಸೀಟಿಗೆ ಮುಂಚೆಯೇ ಟವಲು ಹಾಕಿಟ್ಟಂತೆ, ಆಮೇಲೆ ಹತ್ತಿದ ನಿಕೋಟಿನಿಗೆ ನಿಲ್ಲುವುದೇ ಗತಿ. ಮೊದಲ ಮೂರು ದಿನ 0.5 ಮಿಲಿಗ್ರಾಂ ಒಂದು ಹೊತ್ತು, ನಾಲ್ಕರಿಂದ ಏಳನೆಯ ದಿನದವರೆಗೆ ಅದೇ ಎರಡು ಹೊತ್ತು, ಎಂಟನೆಯ ದಿನದಿಂದ 1 ಮಿಲಿಗ್ರಾಂ ಎರಡು ಹೊತ್ತು, ಒಟ್ಟು ಹನ್ನೆರಡು ವಾರ. ಮೊದಲ ವಾರದಲ್ಲಿ ಸೇದುತ್ತಲೇ ಇರಬಹುದು. ಎಂಟನೆಯ ದಿನವನ್ನು ಬಿಡುವ ದಿನವೆಂದು ಗೊತ್ತುಮಾಡಿಕೊಳ್ಳುವುದು ವಾಡಿಕೆ.

ಇದರ ಪ್ರಧಾನ ಉಪದ್ರವ ಓಕರಿಕೆ; ಪೂರ್ಣ ಪ್ರಮಾಣದಲ್ಲಿ ಹತ್ತರಲ್ಲಿ ಮೂವರಿಗೆ ಬರುತ್ತದೆ. ಖಾಲಿ ಹೊಟ್ಟೆಯಲ್ಲಿ ಕಾಫಿಯ ಜೊತೆ ನುಂಗಿದವರಿಗೆ ಅದು ಬರುವುದರಲ್ಲಿ ಆಶ್ಚರ್ಯವಿಲ್ಲ. ತಿಂಡಿಯ ಮೇಲೆ, ಊಟದ ಮೇಲೆ, ತುಂಬಿದ ಲೋಟ ನೀರಿನೊಡನೆ ನುಂಗುವುದು ಮೊದಲ ಉಪಾಯ. ಪ್ರಮಾಣವನ್ನು ಇಳಿಸುವುದು ಎರಡನೆಯದು. ಕನಸು, ನಿದ್ರಾಭಂಗಗಳಿಗೆ ರಾತ್ರಿಯ ಮಾತ್ರೆಯನ್ನು ಸಂಜೆಗೆ ಸರಿಸುವುದುಂಟು. ಮೂತ್ರಪಿಂಡ ತೀವ್ರವಾಗಿ ದುರ್ಬಲವಾದವರಿಗೆ ಪೂರ್ಣ ಪ್ರಮಾಣ ಸಲ್ಲದು. ಅಪಸ್ಮಾರದ ಇತಿಹಾಸವಿದ್ದರೆ ವೈದ್ಯರಿಗೆ ಹೇಳದೆ ಆರಂಭಿಸಲಾಗದು. ಮದ್ಯದ ಅಮಲು ಕೆಲವರಲ್ಲಿ ಎಂದಿಗಿಂತ ಕೆಟ್ಟದಾಗಿ ಏರುತ್ತದೆ.

ಮನಸ್ಸನ್ನು ಕೆಡಿಸುತ್ತದೆ, ಆತ್ಮಹತ್ಯೆಯ ಯೋಚನೆಯನ್ನು ತರುತ್ತದೆಂಬ ಆರೋಪದಿಂದ 2009ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯು ಇದರ ಮೇಲೆ ಅತ್ಯುಗ್ರವಾದ ಎಚ್ಚರಿಕೆಯನ್ನು ಮುದ್ರಿಸಿತ್ತು. 2016ರಲ್ಲಿ ಪ್ರಕಟವಾದ, ಎಂಟು ಸಾವಿರಕ್ಕೂ ಹೆಚ್ಚು ಜನರನ್ನೊಳಗೊಂಡ ‘ಈಗಲ್ಸ್’ ಪ್ರಯೋಗದಲ್ಲಿ ಪಟ್ಟಿಗಿಂತಲೂ ಹುಸಿಮಾತ್ರೆಗಿಂತಲೂ ಅಂಥ ಅಪಾಯ ಗಣನೀಯವಾಗಿ ಹೆಚ್ಚಿಲ್ಲವೆಂದು ಕಂಡು, ಅದೇ ವರ್ಷ ಆ ಎಚ್ಚರಿಕೆಯನ್ನು ತೆಗೆಯಲಾಯಿತು. ಹಾಗೆಂದು ಮನೋವೃತ್ತಿಯಲ್ಲಿ ಅಸಹಜವಾದ ಬದಲಾವಣೆ ಕಂಡಾಗ ಮಾತ್ರೆಯನ್ನು ನಿಲ್ಲಿಸಿ ವೈದ್ಯರನ್ನು ಕಾಣುವ ವಿವೇಕವನ್ನು ಯಾರೂ ರದ್ದುಮಾಡಿಲ್ಲ. ಆ ಪ್ರಯೋಗದಲ್ಲಿಯೇ ಒಂಬತ್ತನೆಯ ವಾರದಿಂದ ಇಪ್ಪತ್ತನಾಲ್ಕನೆಯ ವಾರದವರೆಗೆ ನಿರಂತರವಾಗಿ ಬಿಟ್ಟಿದ್ದವರು ವರೆನಿಕ್ಲಿನ್ ಪಡೆದವರಲ್ಲಿ ನೂರಕ್ಕೆ ಸುಮಾರು 22, ಪಟ್ಟಿಯವರಲ್ಲಿ 16, ಹುಸಿಮಾತ್ರೆಯವರಲ್ಲಿ 9. ಇದನ್ನೇ ಹಿಡಿದು ಮಾತ್ರೆಗೆ ಪಟ್ಟಕಟ್ಟುವವರು ಒಂದನ್ನು ಮರೆಯುತ್ತಾರೆ: ಅಲ್ಲಿ ಮಾತ್ರೆಯ ಎದುರು ನಿಂತಿದ್ದು ಒಂಟಿ ಪಟ್ಟಿ. ಅದೇ 2016ರಲ್ಲಿ ವಿಸ್ಕಾನ್ಸಿನ್‌ನಲ್ಲಿ ಪಟ್ಟಿ, ಪಟ್ಟಿಯೊಡನೆ ಚೀಪುವ ನಿಕೋಟಿನ್ ಗುಳಿಗೆ, ವರೆನಿಕ್ಲಿನ್ ಈ ಮೂರನ್ನು ತೂಗಿದಾಗ, ಆರು ತಿಂಗಳ ಕೊನೆಗೆ ಗಣನೀಯವಾದ ವ್ಯತ್ಯಾಸವೇ ಕಾಣಲಿಲ್ಲ. ಒಂಟಿ ಗಮ್ ದುರ್ಬಲ, ಪಟ್ಟಿ-ಗಮ್ಮುಗಳ ಜೋಡಿಯೂ ಮಾತ್ರೆಯೂ ಬಹುಮಟ್ಟಿಗೆ ಸಮಬಲರು ಎಂಬ ನನ್ನ ನಿರ್ಣಯಕ್ಕೆ ಆಧಾರ ಇದು.

ಸಮಬಲರ ನಡುವೆ ಆರಿಸತಕ್ಕದ್ದು ಸೇದುವವನ ಶರೀರವನ್ನು ನೋಡಿ. ಮೇಷ್ಟರ ಭಾವಮೈದುನರಿಗೆ ಕಟ್ಟಿಸಿದ ಹಲ್ಲು. ಗಮ್ ಅದಕ್ಕೆ ಮೆತ್ತಿಕೊಳ್ಳುತ್ತದೆ. ಚರ್ಮವೂ ಸೂಕ್ಷ್ಮ, ಪಟ್ಟಿ ಹಾಕಿದಲ್ಲೆಲ್ಲ ಗುಳ್ಳೆ. ಅವರಿಗೆ ಉಳಿದದ್ದು ವರೆನಿಕ್ಲಿನ್. ಎಂಟನೆಯ ದಿನ ಬೀಡಿಯ ಕಟ್ಟನ್ನು ಎಸೆದರು, ಹತ್ತನೆಯ ದಿನ ಬರಿಹೊಟ್ಟೆಯಲ್ಲಿ ಮಾತ್ರೆ ನುಂಗಿ ವಾಂತಿಮಾಡಿದರು, ಅಂದಿನಿಂದ ಇಡ್ಲಿಯ ಮೇಲಲ್ಲದೆ ನುಂಗಿಲ್ಲ. ಈಗ ಹನ್ನೊಂದನೆಯ ವಾರ. ಹನ್ನೆರಡರ ಹೊತ್ತಿಗೆ ಬೀಡಿಯನ್ನು ಮುಟ್ಟದೆ ಉಳಿದವರಿಗೆ ಇನ್ನೂ ಹನ್ನೆರಡು ವಾರ ಅದೇ ಪ್ರಮಾಣವನ್ನು ಮುಂದುವರಿಸುವ ಅವಕಾಶವಿದೆ. ಮುಂದುವರಿಸಬೇಕೆಂದು ಮೇಷ್ಟರು, ಸಾಕೆಂದು ಅವರು, ಮುಂದಿನ ಸೋಮವಾರ ವೈದ್ಯರ ಮುಂದೆ ವಾದಿಸುವವರಿದ್ದಾರೆ.